ಟ್ರಿಪ್ ಲೆಕ್ಕದಲ್ಲಿ 108%, ಅಳತೆಯಲ್ಲಿ 82%: ಕೆರೆ ಹೂಳಿನ ಮುಕ್ತಾಯ ವರದಿ ಬರೆದ ಕಥೆ

ಮೊನ್ನೆ ದಾನಿ ಸಂಸ್ಥೆಯಿಂದ ಮೇಲ್ ಬಂತು, ಮುಕ್ತಾಯ ವರದಿ ಒಪ್ಪಿಗೆ ಆಗಿದೆ, ಕೊನೆಯ ಕಂತು ಹಾಕುತ್ತೇವೆ ಅಂತ. ಕೆಲಸ ಮಾಡಿದ್ದಕ್ಕಿಂತ ಆ ಕೆಲಸದ ವರದಿ ಬರೆದಿದ್ದೇ ಜಾಸ್ತಿ ದಿನ ಹಿಡಿಯಿತು. ನಮ್ಮದು ಚಳ್ಳಕೆರೆ ತಾಲೂಕಿನ ಒಂದು ಚಿಕ್ಕ ಟ್ರಸ್ಟ್. ಕಂಪನಿಯೊಂದರ ಸಿಎಸ್‌ಆರ್ ಹಣದಲ್ಲಿ ಒಂದು ಊರಿನ ಕೆರೆ ಹೂಳು ಎತ್ತಿಸಿ, ಕೋಡಿ ಮತ್ತು ತೂಬು ದುರಸ್ತಿ ಮಾಡಿಸಿದೆವು. ಒಟ್ಟು ಬಜೆಟ್ 7,20,000 ರೂಪಾಯಿ. ಕೋಟಿಗಟ್ಟಲೆ ಯೋಜನೆ ಅಲ್ಲ, ಆದರೂ ವರದಿಯ ವಿಷಯದಲ್ಲಿ ಯಾರೂ ರಿಯಾಯಿತಿ ಕೊಡಲಿಲ್ಲ. ಈಗ ಚಿತ್ರದುರ್ಗ, ದಾವಣಗೆರೆ ಕಡೆ ಬಹಳ ಜನ ಇಂಥ ಕೆಲಸ ಕೈಗೆತ್ತಿಕೊಳ್ಳುತ್ತಿದ್ದಾರೆ, ಅವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ವ್ಯವಸ್ಥೆ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಇಟಾಚಿ ಯಂತ್ರದ ಬಾಡಿಗೆ ದಾನಿ ಹಣದಿಂದ. ಮಣ್ಣನ್ನು ಹೊಲಕ್ಕೆ ಸಾಗಿಸುವ ಟ್ರ್ಯಾಕ್ಟರ್ ಖರ್ಚು ರೈತರದ್ದು. ಶೇಂಗಾ ಹಾಕುವ ಕೆಂಪು ನೆಲಕ್ಕೆ ಕೆರೆ ಗೋಡು ಹಾಕಿದರೆ ತೇವ ಹಿಡಿದಿಡುತ್ತದೆ ಅಂತ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಹಾಗಾಗಿ ಟ್ರ್ಯಾಕ್ಟರ್‌ಗಳು ತಾವಾಗೇ ಬಂದವು. ಮೂಲ ಯೋಜನೆಯಲ್ಲಿ 12,000 ಘನ ಮೀಟರ್ ಹೂಳು, ಗಂಟೆಗೆ 60 ಘನ ಮೀಟರ್‌ನಂತೆ 200 ಗಂಟೆ, ಗಂಟೆಗೆ ಡೀಸೆಲ್ ಸೇರಿ 1,800 ರೂಪಾಯಿ, ಒಟ್ಟು 3,60,000 ಅಂತ ಬರೆದಿತ್ತು. ಉಳಿದ ಹಣ ಕೋಡಿ, ತೂಬು, ಸರ್ವೆ, ಸಭೆ, ಸಿಬ್ಬಂದಿ, ಆಡಳಿತ ಹೀಗೆ ಹಂಚಿಹೋಗಿತ್ತು.

ಏಪ್ರಿಲ್‌ನಲ್ಲಿ ಶುರು ಮಾಡಿದೆವು. ಜೂನ್ ಎರಡನೇ ವಾರದ ತನಕ ಕೆಲಸ ಮಾಡಬಹುದು ಅನ್ನುವುದು ಲೆಕ್ಕ. ನಮ್ಮ ಕಡೆ ಮಳೆ ಬಂದರೆ ತಾನೇ ಚಿಂತೆ ಅಂತ ಎಲ್ಲರ ಮನಸ್ಸಲ್ಲೂ ಇರುತ್ತದಲ್ವಾ? ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳುವುದಕ್ಕೆ 2022ರ ತನಕ ಕಾಯಬೇಕಾಯಿತು. ಅಂಥ ಜಿಲ್ಲೆಯವರು ನಾವು. ಆದರೆ ಮೇ ಕೊನೆಯಲ್ಲಿ ಎರಡು ರಾತ್ರಿ ಸುರಿದ ಮಳೆಗೆ ಹಳ್ಳ ತುಂಬಿ ಹರಿದು, ಕೆರೆಗೆ ಅರ್ಧಕ್ಕಿಂತ ಮೇಲೆ ನೀರು ಬಂದುಬಿಟ್ಟಿತು. ಊರವರು ಪೂಜೆ ಮಾಡಿ ಬಾಗಿನ ಬಿಟ್ಟರು. ಇಟಾಚಿಯನ್ನು ದಡಕ್ಕೆ ಹತ್ತಿಸಿ ಕಳಿಸಿಬಿಟ್ಟೆವು. ನನಗೂ ಖುಷಿಯೇ ಆಯಿತು, ಆದರೆ ನಾವು ತೋಡಿದ ಗುಂಡಿಯೆಲ್ಲ ಈಗ ನೀರಿನ ಕೆಳಗೆ, ಕೊನೆಯ ಅಳತೆ ಇನ್ನೂ ಆಗಿಲ್ಲ ಅನ್ನುವುದು ಆ ಖುಷಿಯ ಮಧ್ಯೆಯೇ ಚುಚ್ಚುತ್ತಿತ್ತು.

ವರದಿ ಬರೆಯಲು ಕೂತಾಗ ಕೈಯಲ್ಲಿದ್ದಿದ್ದು ಟ್ರಿಪ್ ಪುಸ್ತಕ. ಕೆರೆ ಅಂಗಳದಿಂದ ಹೊರಗೆ ಹೋಗುವ ದಾರಿಯಲ್ಲಿ ಒಬ್ಬ ಹುಡುಗನನ್ನು ಕೂರಿಸಿ, ಪ್ರತಿ ಲೋಡಿಗೆ ರೈತನ ಹೆಸರು, ಸರ್ವೆ ನಂಬರ್, ಟ್ರ್ಯಾಕ್ಟರ್ ನಂಬರ್, ಸಹಿ ಹಾಕಿಸಿದ್ದೆವು. ಕೂಡಿದರೆ 4,310 ಟ್ರಿಪ್. ಟ್ರೇಲರ್‌ನ ಉದ್ದ, ಅಗಲ, ಎತ್ತರ ಅಳೆದರೆ ಸಮಮಟ್ಟಕ್ಕೆ 3 ಘನ ಮೀಟರ್ ಹಿಡಿಯುತ್ತದೆ. ಗುಣಿಸಿದರೆ 12,930. ಯೋಜನೆ 12,000, ಆಗಿದ್ದು 12,930. ಅಂದರೆ 108%! ಕೆರೆ ಕೆಲಸ ನೋಡಿಕೊಳ್ಳುವ ಊರಿನ ಸಮಿತಿಯ ಎಲ್ಲರಿಗೂ ಸಂತೋಷ. ಮಳೆ ಬಂದು ಕೆಲಸ ಅರ್ಧಕ್ಕೆ ನಿಂತರೂ ಗುರಿ ಮೀರಿಬಿಟ್ಟಿದ್ದೇವೆ ಅಂತ.

ಇಲ್ಲೇ ನನಗೆ ಅನುಮಾನ ಬಂದಿದ್ದು. ಕೆಲಸ ನಿಂತಾಗ ಗುರುತು ಹಾಕಿದ್ದ ಜಾಗದಲ್ಲಿ ಮೂಲೆಯೊಂದು ಇನ್ನೂ ತೋಡದೇ ಉಳಿದಿತ್ತು, ಅದನ್ನು ನಾನೇ ನೋಡಿದ್ದೆ. ಮತ್ತೆ ಗುರಿ ಮೀರುವುದು ಹೇಗೆ?

ಉತ್ತರ ಸುಲಭ, ಆದರೆ ಬಹಳ ವರದಿಗಳಲ್ಲಿ ಇದು ತಪ್ಪಾಗಿಯೇ ಹೋಗುತ್ತದೆ. ನೆಲದಲ್ಲಿ ಗಟ್ಟಿಯಾಗಿ ಕೂತಿರುವ ಮಣ್ಣನ್ನು ಬಗೆದು ಟ್ರೇಲರ್‌ಗೆ ಹಾಕಿದರೆ ಅದು ಉಬ್ಬುತ್ತದೆ. ಹೆಂಟೆಗಳ ಮಧ್ಯೆ ಗಾಳಿ ಸೇರುತ್ತದೆ. ಜೇಡಿ ಅಂಶ ಇರುವ ಕೆರೆ ಗೋಡು ಸುಮಾರು 30% ತನಕ ಉಬ್ಬುತ್ತದೆ. ಟ್ರಿಪ್ ಪುಸ್ತಕ ಹೇಳುವುದು ಉಬ್ಬಿದ ಮಣ್ಣಿನ ಲೆಕ್ಕ. ಆದರೆ ಕೆರೆಯಲ್ಲಿ ಎಷ್ಟು ನೀರು ಜಾಸ್ತಿ ನಿಲ್ಲುತ್ತದೆ ಅನ್ನುವುದನ್ನು ಹೇಳುವುದು ನೆಲದಲ್ಲಿ ಆದ ಗುಂಡಿಯ ಲೆಕ್ಕ. ನಮ್ಮ ಯೋಜನೆಯ 12,000 ಘನ ಮೀಟರ್ ಬಂದಿದ್ದು ಗುಂಡಿಯ ಲೆಕ್ಕದಿಂದ, ಇಷ್ಟು ಜಾಗ, ಇಷ್ಟು ಆಳ ಅಂತ. ಒಂದು ಕಾಲಂನಲ್ಲಿ ಗುಂಡಿ, ಪಕ್ಕದ ಕಾಲಂನಲ್ಲಿ ಉಬ್ಬಿದ ಮಣ್ಣು ಇಟ್ಟು ಶೇಕಡಾ ತೆಗೆದರೆ ಅದು ಹೋಲಿಕೆಯೇ ಅಲ್ಲ.

ಹಾಗಾಗಿ ನಿಮಗೂ ಮೊದಲು ಹೇಳುವುದು ಇದೇ. ವರದಿ ಶುರು ಮಾಡುವ ಮುಂಚೆ ಮೂಲ ಪ್ರಸ್ತಾವನೆ ತೆಗೆದು, ಅದರಲ್ಲಿರುವ ಪ್ರತಿ ಸಂಖ್ಯೆ ಯಾವ ಅಳತೆಯಿಂದ ಬಂತು ಅಂತ ಪೆನ್ಸಿಲ್‌ನಲ್ಲಿ ಪಕ್ಕಕ್ಕೆ ಬರೆದುಕೊಳ್ಳಿ. ಆಮೇಲೆ ಅದೇ ಅಳತೆಯಲ್ಲಿ ಆಗಿದ್ದನ್ನು ಅಳೆಯಿರಿ.

ಸಮಿತಿಯ ಹಿರಿಯರೊಬ್ಬರಿಗೆ ಇದು ಇಷ್ಟ ಆಗಲಿಲ್ಲ. "ಟ್ರಿಪ್ ಲೆಕ್ಕ ಐತಲ್ಲವ್ವಾ, ಸಹಿ ಐತೆ, ಫೋಟೋ ಐತೆ. ಇದ್ದ ಲೆಕ್ಕ ಬಿಟ್ಟು ನೀರೊಳಗಿಂದು ಯಾಕೆ ಅಳಿಯಾಕ ಹೋಗ್ತೀಯ?" ಅಂದರು. ಅವರದ್ದು ಸುಳ್ಳು ಹೇಳೋಣ ಅನ್ನುವ ಮಾತಲ್ಲ. 4,310 ಟ್ರಿಪ್ ಹೊಡೆದಿದ್ದು ನಿಜ. ಅದನ್ನು ಗುರಿಗಿಂತ ಕಡಿಮೆ ಅಂತ ಬರೆದರೆ ಊರಿನ ಮರ್ಯಾದೆ ಹೋಗುತ್ತದೆ ಅನ್ನುವ ಸಂಕಟ. "ಯಜಮಾನ್ರೇ, ಎರಡೂ ಲೆಕ್ಕ ಬರೆಯೋಣ, ಆದರೆ ಗುರಿ ಜೊತೆ ಹೋಲಿಸೋದು ಗುಂಡಿ ಲೆಕ್ಕ ಮಾತ್ರ" ಅಂತ ಒಪ್ಪಿಸಿದೆ. ಒಂದೇ ಸಭೆಯಲ್ಲಿ ಒಪ್ಪಲಿಲ್ಲ ಅಂತಲೂ ಹೇಳಬೇಕು.

ಈಗ ನೀರೊಳಗಿನ ಗುಂಡಿ ಅಳೆಯುವುದು ಹೇಗೆ? ನಮ್ಮ ಅದೃಷ್ಟಕ್ಕೆ ಕೆಲಸ ಶುರು ಮಾಡುವ ಮುಂಚೆ ಸರ್ವೆಯವರು ಕೆರೆ ಅಂಗಳದಲ್ಲಿ 20 ಮೀಟರ್‌ಗೊಂದು ಚುಕ್ಕಿಯಂತೆ ಮಟ್ಟ ತೆಗೆದಿದ್ದರು. ಎಲ್ಲಾ ಮಟ್ಟವೂ ತೂಬಿನ ಕಲ್ಲಿನ ಮೇಲೆ ಬಣ್ಣದಲ್ಲಿ ಹಾಕಿದ್ದ ಒಂದು ಗುರುತಿನಿಂದ ಎಷ್ಟು ಕೆಳಗೆ ಅಂತ ಇತ್ತು. ಈ ಮೊದಲ ಅಳತೆ ಇಲ್ಲದಿದ್ದರೆ ಮುಂದೆ ಹೇಳುವುದು ಯಾವುದೂ ಆಗುತ್ತಿರಲಿಲ್ಲ. ಬಜೆಟ್ ಉಳಿಸುವುದಕ್ಕೆ ಅಂತ ಮೊದಲ ಸರ್ವೆ ಬಿಡುವವರು ಇದ್ದಾರೆ, ದಯವಿಟ್ಟು ಬಿಡಬೇಡಿ. ಗುರುತು ಹಾಕುವಾಗ ಕೋಡಿ ಮೇಲೆ ಹಾಕಬೇಡಿ, ಕೋಡಿಯನ್ನು ನೀವೇ ದುರಸ್ತಿಗೆ ಒಡೆಯುತ್ತೀರಿ.

ಸರ್ವೆ ಮಾಡಿದ ಹುಡುಗ ಒಂದು ದಾರಿ ಹೇಳಿದ. ನೀರಿನ ಮೇಲ್ಮೈ ಎಲ್ಲಾ ಕಡೆ ಒಂದೇ ಮಟ್ಟ ಇರುತ್ತದೆ, ಹಾಗಾಗಿ ಅದನ್ನೇ ಅಳತೆಪಟ್ಟಿ ಮಾಡಿಕೊಳ್ಳೋಣ ಅಂತ. ಮೀನು ಹಿಡಿಯುವವರ ತೆಪ್ಪ ಬಾಡಿಗೆಗೆ ತಂದೆವು. ಏರಿಯ ಕಲ್ಲಿನಿಂದ ಆಚೆ ದಡದ ತನಕ ಹಗ್ಗ ಕಟ್ಟಿ, 20 ಮೀಟರ್‌ಗೊಂದು ಕೆಂಪು ಬಟ್ಟೆ ಬಿಗಿದೆವು. ತೆಪ್ಪ ಹಗ್ಗ ಹಿಡಿದುಕೊಂಡು ಹೋಗುವುದು, ಬಟ್ಟೆ ಇರುವ ಕಡೆ ಅಳತೆ ಕೋಲು ಇಳಿಸಿ ನೀರಿನ ಆಳ ಓದುವುದು. ಕೋಲಿನ ತುದಿಗೆ ಅಂಗೈ ಅಗಲದ ಚಪ್ಪಟೆ ಕಬ್ಬಿಣದ ತಟ್ಟೆ ಬೆಸುಗೆ ಹಾಕಿಸಬೇಕು, ಇಲ್ಲದಿದ್ದರೆ ಕೋಲು ಕೆಸರಿಗೆ ಇಳಿದು ಆಳ ಸುಳ್ಳೇ ಜಾಸ್ತಿ ತೋರಿಸುತ್ತದೆ. ಗಾಳಿ ಏಳುವ ಮುಂಚೆ, ಬೆಳಿಗ್ಗೆ ಹೊತ್ತಿಗೇ ಮಾಡಬೇಕು. ಅಲೆ ಎದ್ದರೆ ಕೋಲಿನ ಮೇಲೆ ಓದುವುದೇ ಕಷ್ಟ. ಅಳತೆ ಶುರುವಾಗುವಾಗಲೂ ಮುಗಿದಾಗಲೂ ತೂಬಿನ ಗುರುತಿನಿಂದ ನೀರು ಎಷ್ಟು ಕೆಳಗಿದೆ ಅಂತ ಬರೆದುಕೊಳ್ಳಬೇಕು.

ಒಂದು ಚುಕ್ಕಿಯ ಲೆಕ್ಕ ಬಿಡಿಸಿ ತೋರಿಸುತ್ತೇನೆ. ಏಪ್ರಿಲ್‌ನಲ್ಲಿ ಆ ಜಾಗದ ನೆಲ ಗುರುತಿನಿಂದ 2.10 ಮೀಟರ್ ಕೆಳಗಿತ್ತು. ಈಗ ನೀರಿನ ಮಟ್ಟ ಗುರುತಿನಿಂದ 0.85 ಮೀಟರ್ ಕೆಳಗೆ, ಅಲ್ಲಿ ನೀರಿನ ಆಳ 2.05 ಮೀಟರ್. ಎರಡೂ ಕೂಡಿದರೆ ಈಗಿನ ನೆಲ ಗುರುತಿನಿಂದ 2.90 ಮೀಟರ್ ಕೆಳಗೆ. ಅಂದರೆ ಅಲ್ಲಿ ತೋಡಿದ್ದು 0.80 ಮೀಟರ್. ಒಂದೊಂದು ಚುಕ್ಕಿಗೆ 20 ಮೀಟರ್‌ಗೆ 20 ಮೀಟರ್, ಅಂದರೆ 400 ಚದರ ಮೀಟರ್ ಜಾಗ ಸೇರುತ್ತದೆ. ಹಾಗಾಗಿ ಆ ಚೌಕದಲ್ಲಿ ತೆಗೆದ ಹೂಳು 320 ಘನ ಮೀಟರ್. ಹೀಗೆ ಎಲ್ಲಾ ಚೌಕ ಕೂಡಿದಾಗ ಬಂದಿದ್ದು 9,800 ಘನ ಮೀಟರ್. ಗುರಿಯ 82%.

ಇದು ಸರಿಯೋ ತಪ್ಪೋ ಅಂತ ನೋಡುವುದಕ್ಕೆ ಟ್ರಿಪ್ ಪುಸ್ತಕ ಸಹಾಯಕ್ಕೆ ಬಂತು. 12,930ನ್ನು 9,800ರಿಂದ ಭಾಗಿಸಿದರೆ 1.32. ಅಂದರೆ ಮಣ್ಣು 32% ಉಬ್ಬಿದೆ. ಗೋಡು ಮಣ್ಣಿಗೆ ಇದು ನಂಬುವಂಥ ಸಂಖ್ಯೆ. ಇದೇ ಭಾಗಾಕಾರದಲ್ಲಿ 1.8 ಅಥವಾ 2 ಬಂದಿದ್ದರೆ ಟ್ರಿಪ್ ಪುಸ್ತಕದಲ್ಲಿ ಸುಳ್ಳು ಟ್ರಿಪ್ ಇದೆ, ಇಲ್ಲವೇ ಅರ್ಧ ತುಂಬಿದ ಟ್ರೇಲರ್ ಓಡಿವೆ ಅಂತ ಅರ್ಥ. 1ರ ಹತ್ತಿರ ಬಂದಿದ್ದರೆ ಟ್ರಿಪ್ ಬರೆಯದೇ ಮಣ್ಣು ಹೋಗಿದೆ, ಇಲ್ಲವೇ ಆಳ ಓದಿದ್ದರಲ್ಲಿ ಎಡವಟ್ಟಾಗಿದೆ ಅಂತ. ಈ ಒಂದು ಭಾಗಾಕಾರವನ್ನು ವರದಿಯಲ್ಲಿ ಹಾಕಿದ್ದಕ್ಕೆ ದಾನಿ ಕಡೆಯ ಎಂಜಿನಿಯರ್ ಅಳತೆ ಬಗ್ಗೆ ಮುಂದೆ ಪ್ರಶ್ನೆಯನ್ನೇ ಕೇಳಲಿಲ್ಲ. ಹಳ್ಳದ ನೀರಿನ ಜೊತೆ ಬಂದ ಹೊಸ ಮಣ್ಣು ಗುಂಡಿಯ ತಳದಲ್ಲಿ ಸ್ವಲ್ಪ ಕೂತಿರುತ್ತದೆ, ಹಾಗಾಗಿ ನಿಜಕ್ಕೂ ತೆಗೆದಿದ್ದು ಇದಕ್ಕಿಂತ ಸ್ವಲ್ಪ ಜಾಸ್ತಿಯೇ ಇರಬಹುದು. ಅದನ್ನೂ ಒಂದು ಸಾಲು ಬರೆದೆವು, ಆದರೆ ಅದಕ್ಕೆ ಅಂತ ಸಂಖ್ಯೆ ಏರಿಸಲಿಲ್ಲ.

ಆಮೇಲೆ ಹಣದ ಲೆಕ್ಕ. ಇದು ಇನ್ನೂ ಮಜಾ.

ಹೂಳಿನ ಸಾಲಿನಲ್ಲಿ ಬಜೆಟ್ 3,60,000, ಖರ್ಚು 3,48,000. ಹನ್ನೆರಡು ಸಾವಿರ ಉಳಿತಾಯ ಅಂತ ಕಾಣುತ್ತದೆ. ನಮ್ಮ ಲೆಕ್ಕ ಬರೆಯುವ ಹುಡುಗಿ ಹಸಿರು ಬಣ್ಣ ಹಾಕಿ ಕಳಿಸಿದ್ದಳು. ಆದರೆ ಕೆಲಸ 82% ಮಾತ್ರ ಆಗಿರುವಾಗ ಹಣ 97% ಖರ್ಚಾಗಿದ್ದರೆ ಅದು ಉಳಿತಾಯ ಹೇಗಾಗುತ್ತದೆ? ಯೋಜನೆಯ ಪ್ರಕಾರ ಒಂದು ಘನ ಮೀಟರ್‌ಗೆ 30 ರೂಪಾಯಿ. ಆಗಿರುವ 9,800 ಘನ ಮೀಟರ್‌ಗೆ ಆ ದರದಲ್ಲಿ ಆಗಬೇಕಿದ್ದಿದ್ದು 2,94,000. ನಾವು ಖರ್ಚು ಮಾಡಿದ್ದು 3,48,000. ಅಂದರೆ 54,000 ಜಾಸ್ತಿ. ಬಜೆಟ್ ಸಾಲು ಮಾತ್ರ ನೋಡಿದರೆ ಇದು ಕಾಣುವುದೇ ಇಲ್ಲ.

ಈ 54,000 ಎಲ್ಲಿಂದ ಬಂತು ಅಂತ ಯಂತ್ರದ ಗಂಟೆ ಪುಸ್ತಕ ತೆಗೆದು ಕೂತೆ. ಒಟ್ಟು ಓಡಿದ್ದು 186 ಗಂಟೆ. ಮೊದಲ 120 ಗಂಟೆ 1,800ರ ದರ. ಆಮೇಲೆ ಮೇ ತಿಂಗಳಲ್ಲಿ ಎಲ್ಲಾ ಕಡೆ ಕೆರೆ ಕೆಲಸ, ಹೊಂಡದ ಕೆಲಸ ಶುರುವಾಗಿ, ಯಂತ್ರದ ಮಾಲೀಕರು 2,000 ಕೊಡದಿದ್ದರೆ ಬೇರೆ ಕಡೆ ಕಳಿಸುತ್ತೇನೆ ಅಂದರು. ಉಳಿದ 66 ಗಂಟೆಗೆ 200 ರೂಪಾಯಿಯಂತೆ ಜಾಸ್ತಿ ಹೋಗಿದ್ದು 13,200. ಇದು ದರದಿಂದ ಆದ ವ್ಯತ್ಯಾಸ. ಇನ್ನುಳಿದ 40,800 ನಿಧಾನದಿಂದ ಆದದ್ದು. ಗಂಟೆಗೆ 60ರಂತೆ ಹೋಗಿದ್ದರೆ 9,800 ಘನ ಮೀಟರ್‌ಗೆ ಸುಮಾರು 163 ಗಂಟೆ ಸಾಕಾಗುತ್ತಿತ್ತು, ನಮಗೆ ಹೆಚ್ಚುಕಡಿಮೆ 23 ಗಂಟೆ ಜಾಸ್ತಿ ಹಿಡಿಯಿತು. ಅದನ್ನು 1,800ರಿಂದ ಗುಣಿಸಿದರೆ 40,800ರ ಹತ್ತಿರ ಬರುತ್ತದೆ.

ನಿಧಾನ ಯಾಕಾಯಿತು? ಟ್ರ್ಯಾಕ್ಟರ್ ಸಾಲದೇ ಯಂತ್ರ ಕಾಯುತ್ತಾ ನಿಂತಿದ್ದಕ್ಕೆ. ಯಂತ್ರದ ಮೀಟರ್ ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಓಡುತ್ತದೆ, ಮಣ್ಣು ಎತ್ತಿದರೂ ಸುಮ್ನೆ ನಿಂತರೂ ಒಂದೇ. ಹತ್ತಿರದ ಹೊಲಗಳು ಮುಗಿದ ಮೇಲೆ ದೂರದ ಹೊಲಗಳಿಗೆ ಹೋಗುವ ಟ್ರ್ಯಾಕ್ಟರ್ ವಾಪಸ್ ಬರುವುದು ತಡ ಆಗುತ್ತಿತ್ತು. ದಿನದ ಟ್ರಿಪ್ಪನ್ನು ದಿನದ ಗಂಟೆಯಿಂದ ಭಾಗಿಸಿ ನೋಡಿದರೆ ಇದು ಸ್ಪಷ್ಟವಾಗಿ ಕಾಣುತ್ತದೆ, ಮೊದಲ ವಾರಗಳಲ್ಲಿ ಗಂಟೆಗೆ 26-27 ಟ್ರಿಪ್ ಇದ್ದಿದ್ದು ಕೊನೆಕೊನೆಗೆ 20ರ ಕೆಳಗೆ ಇಳಿದಿತ್ತು. ಕೆಲಸ ನಡೆಯುವಾಗಲೇ ಪ್ರತಿ ಸಂಜೆ ಈ ಭಾಗಾಕಾರ ಮಾಡಿಕೊಳ್ಳಿ. 22ಕ್ಕಿಂತ ಕೆಳಗೆ ಇಳಿದರೆ ಮಾರನೇ ದಿನ ಇನ್ನೆರಡು ಟ್ರ್ಯಾಕ್ಟರ್ ಬರುವ ತನಕ ಎಂಜಿನ್ ಆಫ್ ಮಾಡಿಸಿ. ವರದಿಯಲ್ಲಿ ಕಾರಣ ಬರೆಯುವಾಗ "ಅನಿವಾರ್ಯ ಕಾರಣಗಳಿಂದ" ಅಂತ ಬರೆದರೆ ಯಾರೂ ಒಪ್ಪುವುದಿಲ್ಲ. 54,000 ಜಾಸ್ತಿ, ಅದರಲ್ಲಿ ದರದ್ದು ಇಷ್ಟು, ಕಾಯುವಿಕೆಯದ್ದು ಇಷ್ಟು ಅಂತ ಬರೆದರೆ ಓದುವವರಿಗೂ ಸಿಟ್ಟು ಬರುವುದಿಲ್ಲ.

ಕೋಡಿಯದ್ದು ಬೇರೆ ರಾಮಾಯಣ. ಬಜೆಟ್ 1,40,000, ಖರ್ಚು 1,68,000. ಮೇಲಿನ ಕಲ್ಲು ತೆಗೆದಾಗ ಕೆಳಗಿನ ಹಾಸುಗಲ್ಲಿನ ಅಡಿ ಮಣ್ಣು ಕೊಚ್ಚಿಹೋಗಿ ಪೊಳ್ಳಾಗಿತ್ತು. ಹಾಗೇ ಮೇಲೆ ಗಾರೆ ಮೆತ್ತಿ ಬಿಟ್ಟಿದ್ದರೆ ಬಜೆಟ್ ಒಳಗೇ ಮುಗಿಯುತ್ತಿತ್ತು, ಕೆರೆ ತುಂಬಿದರೆ ಕೋಡಿಯೇ ಹೋಗುತ್ತಿತ್ತು. ನಮ್ಮ ಒಪ್ಪಂದದಲ್ಲಿ ಒಂದು ಷರತ್ತಿತ್ತು, ಯಾವುದೇ ಸಾಲಿನಲ್ಲಿ 10%ಗಿಂತ ಜಾಸ್ತಿ ಹೋಗುವುದಾದರೆ ಮೊದಲೇ ಲಿಖಿತ ಒಪ್ಪಿಗೆ ಬೇಕು ಅಂತ. ಇದು 20%. ದಾನಿ ಸಂಸ್ಥೆಯ ಆಗಿನ ಅಧಿಕಾರಿಗೆ ಫೋನ್ ಮಾಡಿದಾಗ "ಮಾಡಿ ಮೇಡಂ, ಆಮೇಲೆ ನೋಡೋಣ" ಅಂದರು. ಅವತ್ತು ರಾತ್ರಿಯೇ ನಾನು ಮೂರು ಸಾಲಿನ ಮೇಲ್ ಹಾಕಿದ್ದೆ: ಇವತ್ತು ಫೋನಿನಲ್ಲಿ ಮಾತಾಡಿದಂತೆ ಕೋಡಿಗೆ 28,000 ಹೆಚ್ಚುವರಿ, ಸಭೆ ಮತ್ತು ಆಡಳಿತದ ಉಳಿತಾಯದಿಂದ ಮತ್ತು ಹೂಳಿನಲ್ಲಿ ಉಳಿದಿದ್ದರಿಂದ ಹೊಂದಿಸುತ್ತೇವೆ, ಫೋಟೋ ಲಗತ್ತಿಸಿದೆ ಅಂತ. ಅವರು "ಓಕೆ" ಅಂತ ಒಂದೇ ಪದ ಉತ್ತರ ಕೊಟ್ಟರು. ವರದಿ ಹೋಗುವ ಹೊತ್ತಿಗೆ ಅವರು ಕೆಲಸ ಬಿಟ್ಟಿದ್ದರು. ಹೊಸದಾಗಿ ಬಂದವರು ಮೊದಲು ಕೇಳಿದ್ದೇ ಇದನ್ನ. ಆ ಒಂದು ಪದ ಇಲ್ಲದಿದ್ದರೆ 10% ಮೇಲಿನ 14,000 ನಮ್ಮ ಟ್ರಸ್ಟ್ ಜೇಬಿನಿಂದ ಹೋಗುತ್ತಿತ್ತು.

ಅವರ ಎರಡನೇ ಪ್ರಶ್ನೆ ಇನ್ನೂ ಚುರುಕಾಗಿತ್ತು. ಹೂಳು 2,200 ಘನ ಮೀಟರ್ ಬಾಕಿ ಇರುವಾಗ ಉಳಿದ ಹಣವನ್ನು ಹೂಳಿಗೇ ಹಾಕದೇ ಕೋಡಿಗೆ ಯಾಕೆ ಹಾಕಿದಿರಿ ಅಂತ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಟ್ಟಿದ್ದು ಮಾತಲ್ಲ, ತಾರೀಖುಗಳು. ಮೇ ಕೊನೆಗೆ ಕೆರೆಗೆ ನೀರು ಬಂದ ಫೋಟೋ, ಯಂತ್ರ ವಾಪಸ್ ಹೋದ ದಿನದ ಗಂಟೆ ಪುಸ್ತಕದ ಪುಟ, ಜೂನ್‌ನಲ್ಲಿ ದುರಸ್ತಿಗೆ ಅಂತ ಕೋಡಿ ಒಡೆದಾಗಿನ ಫೋಟೋ, ಅದೇ ವಾರದ ಸಮಿತಿ ನಡಾವಳಿ. ನಾಲ್ಕನ್ನೂ ತಾರೀಖಿನ ಸಾಲಲ್ಲಿ ಜೋಡಿಸಿ ಕಳಿಸಿದೆ. ನೀರು ತುಂಬಿದ ಮೇಲೆ ತೋಡುವುದಂತೂ ಆಗುವುದಿಲ್ಲ, ಅರ್ಧ ತುಂಬಿದ ಕೆರೆಗೆ ಪೊಳ್ಳು ಕೋಡಿ ಬಿಟ್ಟರೆ ಕೆಳಗಿನ ತೋಟಗಳಿಗೆ ಅಪಾಯ. ಫೋಟೋ ತೆಗೆಯುವಾಗ ತಾರೀಖು ಮತ್ತು ಜಾಗ ಫೋಟೋ ಮೇಲೇ ಬರುವ ಆ್ಯಪ್ ಬಳಸಿ. ವಾಟ್ಸ್ಆ್ಯಪ್‌ನಲ್ಲಿ ಬಂದ ಫೋಟೋದಲ್ಲಿ ಫೈಲ್ ಒಳಗೆ ಇರುವ ತಾರೀಖು, ಜಾಗದ ಮಾಹಿತಿ ಉಳಿಯುವುದಿಲ್ಲ, ಮೂಲ ಫೋಟೋ ಫೋನಿನಿಂದ ಅಳಿಸಬೇಡಿ ಅಂತ ಹುಡುಗರಿಗೆ ಮೊದಲೇ ಹೇಳಿ.

ಫಲಾನುಭವಿಗಳ ಲೆಕ್ಕ ಬರೆಯುವಾಗ ನನಗೆ ನಿಜಕ್ಕೂ ಬೇಜಾರಾಯಿತು. ಯೋಜನೆಯಲ್ಲಿ 90 ರೈತರು. ಟ್ರಿಪ್ ಪುಸ್ತಕದಲ್ಲಿ 94 ಹೆಸರು. ಇಲ್ಲೂ ಗುರಿ ಮೀರಿದೆ ಅಂತ ಖುಷಿ. ಆದರೆ ಒಬ್ಬರೇ ರೈತ ಒಂದು ಕಡೆ ಅಪ್ಪನ ಹೆಸರಿನ ಜೊತೆ, ಇನ್ನೊಂದು ಕಡೆ ಇನಿಷಿಯಲ್ ಜೊತೆ, ಮತ್ತೊಂದು ಕಡೆ ಊರಿನವರು ಕರೆಯುವ ಅಡ್ಡಹೆಸರಿನಲ್ಲಿ ಇದ್ದರು. ಸರ್ವೆ ನಂಬರ್ ಮೇಲೆ ಜೋಡಿಸಿ, ಊರಿನವರನ್ನು ಪಕ್ಕ ಕೂರಿಸಿಕೊಂಡು ಶುದ್ಧ ಮಾಡಿದಾಗ ಉಳಿದಿದ್ದು 71 ಜನ. ಜೊತೆಗೆ ಇನ್ನೊಂದು ಕಂಡಿತು. ಅದರಲ್ಲಿ ಸ್ವಂತ ಟ್ರ್ಯಾಕ್ಟರ್ ಇರುವ ಕೆಲವೇ ಜನ ಒಟ್ಟು ಟ್ರಿಪ್‌ನಲ್ಲಿ ಮೂರನೇ ಒಂದು ಭಾಗದಷ್ಟು ಹೊಡೆದುಕೊಂಡಿದ್ದರು. ಬಾಡಿಗೆ ಟ್ರ್ಯಾಕ್ಟರ್‌ಗೆ ಟ್ರಿಪ್‌ಗೆ 250 ರೂಪಾಯಿ ಕೊಡಲಾಗದ ಸಣ್ಣ ರೈತರು ನಾಲ್ಕೈದು ಲೋಡಿಗೆ ನಿಲ್ಲಿಸಿದ್ದರು.

ಇದನ್ನು ಬರೆಯಬೇಕಾ ಬೇಡವಾ ಅಂತ ಸಮಿತಿಯಲ್ಲಿ ಜೋರು ಚರ್ಚೆ. ಜಾಸ್ತಿ ಹೊಡೆದವರೂ ಅದೇ ಸಭೆಯಲ್ಲಿ ಕೂತಿದ್ದರಲ್ಲ. ನಾನು ಹೆಸರು ಹಾಕದೇ ಸಂಖ್ಯೆ ಮಾತ್ರ ಬರೆದೆ. ಯಂತ್ರದ ಹಣ ದಾನಿಯದ್ದು, ಅದರ ಲಾಭ ಯಾರಿಗೆ ಹೋಯಿತು ಅಂತ ಹೇಳದಿದ್ದರೆ 71 ಅನ್ನುವ ಸಂಖ್ಯೆಗೆ ಅರ್ಥ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಮುಂದಿನ ಹಂತಕ್ಕೆ ಎರಡು ಎಕರೆಗಿಂತ ಕಡಿಮೆ ಇರುವವರಿಗೆ ಸಾಗಾಣಿಕೆಯಲ್ಲಿ ಪಾಲು ಕೊಡುವ ಸಾಲು ಬಜೆಟ್‌ನಲ್ಲಿ ಇರಬೇಕು ಅಂತ ಶಿಫಾರಸು ಮಾಡಿದ್ದೇವೆ. ಯಜಮಾನರು ಇವತ್ತಿಗೂ ನನ್ನ ಜೊತೆ ಸ್ವಲ್ಪ ಬಿಗುಮಾನದಲ್ಲೇ ಇದ್ದಾರೆ.

ರೈತರ ಪಾಲಿನ ಬಗ್ಗೆ ಇನ್ನೊಂದು ಮಾತು. 4,310 ಟ್ರಿಪ್‌ಗೆ 250ರಂತೆ 10,77,500 ಆಗುತ್ತದೆ, ದಾನಿ ಕೊಟ್ಟಿದ್ದಕ್ಕಿಂತ ಜಾಸ್ತಿ. ಹೆಮ್ಮೆಯ ಸಂಖ್ಯೆ. ಆದರೆ ಇದನ್ನು ದಾನಿ ಹಣ ಎಲ್ಲಿ ಖರ್ಚಾಯಿತು ಅಂತ ಲೆಕ್ಕಪರಿಶೋಧಕರು ಬರೆದುಕೊಡುವ ವಿನಿಯೋಗ ಪ್ರಮಾಣಪತ್ರದ ಒಳಗೆ ತುರುಕಬೇಡಿ. ಆ ಹಣ ನಿಮ್ಮ ಬ್ಯಾಂಕ್ ಖಾತೆ ಮೂಲಕ ಹೋಗಿಲ್ಲ, ಲೆಕ್ಕಪರಿಶೋಧಕರು ಅದಕ್ಕೆ ಸಹಿ ಹಾಕುವುದಿಲ್ಲ. ಬೇರೆ ಕೋಷ್ಟಕದಲ್ಲಿ, ಟ್ರಿಪ್ ಪುಸ್ತಕದ ಆಧಾರದ ಮೇಲೆ ಅಂದಾಜು ಅಂತ ಸ್ಪಷ್ಟವಾಗಿ ಬರೆದು ಕೊಡಿ.

ಲೆಕ್ಕಪರಿಶೋಧಕರ ಹತ್ತಿರ ನಾವು ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಅದು ಕೆಟ್ಟ ಸಮಯ. ತಿಂಗಳ ಕೊನೆಗೆ ಎಲ್ಲರ ಆಡಿಟ್ ಗಡುವು ಇರುತ್ತದೆ, ನಮ್ಮ ಚಿಕ್ಕ ಕೆಲಸ ಅವರ ಮೇಜಿನ ಮೇಲೆ ಕೊಳೆಯುತ್ತಾ ಬಿತ್ತು. ಆಮೇಲೆ ಕೈಗೆತ್ತಿಕೊಂಡಾಗ ಯಂತ್ರದ ಮಾಲೀಕರ ಖರ್ಚು ವರದಿಯಲ್ಲಿ 3,48,000 ಇದೆ, ಬ್ಯಾಂಕಿನಲ್ಲಿ ಅವರಿಗೆ ಹೋಗಿರುವುದು 3,44,520 ಇದೆ, ಯಾಕೆ ಅಂದರು. ವ್ಯತ್ಯಾಸದ 3,480 ಅಂದರೆ 1% ಟಿಡಿಎಸ್. ವ್ಯಕ್ತಿಗೆ ಕೊಡುವ ಗುತ್ತಿಗೆ ಹಣದಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟಬೇಕಾದದ್ದು, ನಾವು ಕಟ್ಟಿದ್ದೆವು. ಚಲನ್ ತೋರಿಸಿದ ಮೇಲೆ ಸರಿಹೋಯಿತು. ಖರ್ಚಿನ ಕಾಲಂನಲ್ಲಿ ಪೂರ್ತಿ ಬಿಲ್ ಮೊತ್ತ ಬರೆಯಿರಿ, ಪಕ್ಕದಲ್ಲಿ ಟಿಡಿಎಸ್ ಚಲನ್ ನಂಬರ್ ಹಾಕಿ, ಈ ತಲೆನೋವೇ ಬರುವುದಿಲ್ಲ. ಪ್ರಮಾಣಪತ್ರ ಕೈಗೆ ಬಂದ ಮೇಲೆ ಅದರಲ್ಲಿ 18 ಅಂಕಿ-ಅಕ್ಷರದ UDIN, ಅಂದರೆ ಲೆಕ್ಕಪರಿಶೋಧಕರು ಆ ಪ್ರಮಾಣಪತ್ರಕ್ಕೆ ಹಾಕುವ ಗುರುತಿನ ಸಂಖ್ಯೆ ಇದೆಯಾ ಅಂತ ನೋಡಿಕೊಳ್ಳಿ. ಅದು ಇಲ್ಲದಿದ್ದರೆ ದಾನಿಯವರು ವಾಪಸ್ ಕಳಿಸುತ್ತಾರೆ. ನಮ್ಮದು ಏಪ್ರಿಲ್‌ನಿಂದ ಜುಲೈ ತನಕ, ಒಂದೇ ಹಣಕಾಸು ವರ್ಷ. ಮಾರ್ಚ್ 31 ಮಧ್ಯೆ ಬಂದರೆ ಎರಡು ವರ್ಷಕ್ಕೆ ಖರ್ಚು ಒಡೆದು ತೋರಿಸಬೇಕಾಗುತ್ತದೆ.

ಕೊನೆಯ ಇತ್ಯರ್ಥದಲ್ಲಿ ಬಡ್ಡಿ ಮರೆಯಬಾರದು. ದಾನಿಯವರು 10%, ಅಂದರೆ 72,000 ತಡೆಹಿಡಿದು 6,48,000 ಕೊಟ್ಟಿದ್ದರು. ಖಾತೆಯಲ್ಲಿ ಬಂದ ಬಡ್ಡಿ 6,400. ಒಟ್ಟು ಖರ್ಚು 7,18,000. ತೂಬು, ಸಭೆ, ಆಡಳಿತದಲ್ಲಿ ಸ್ವಲ್ಪ ಸ್ವಲ್ಪ ಉಳಿಯಿತು, ತೆಪ್ಪದ ಅಳತೆಯಿಂದ ಸರ್ವೆ ಸಾಲು ಮೂರು ಸಾವಿರ ಮೇಲೆ ಹೋಯಿತು, ಎಲ್ಲಾ ಕೂಡಿ ಕಳೆದು ಬಜೆಟ್‌ಗಿಂತ ಎರಡು ಸಾವಿರ ಕಡಿಮೆ. ಬಡ್ಡಿಯೂ ಯೋಜನೆಯ ಹಣವೇ, ಟ್ರಸ್ಟಿನದ್ದಲ್ಲ. ಹಾಗಾಗಿ ನಮಗೆ ಬರಬೇಕಾದದ್ದು 72,000 ಅಲ್ಲ, 63,600. ಇದನ್ನು ನಾವೇ ಮೊದಲು ಲೆಕ್ಕ ಹಾಕಿ ಪತ್ರದಲ್ಲಿ ಬರೆದೆವು. ಆ ಹಣ ಬರುವ ತನಕ ಕೋಡಿ ಕಟ್ಟಿದ ಮೇಸ್ತ್ರಿಗೆ ಟ್ರಸ್ಟಿನ ಕೈಯಿಂದಲೇ ಕೊಟ್ಟಿದ್ದೆವು, ಮೂರು ತಿಂಗಳು ಅದು ಹಾಗೇ ಸಿಕ್ಕಿಹಾಕಿಕೊಂಡಿತ್ತು. ಚಿಕ್ಕ ಸಂಸ್ಥೆಯವರು ಒಪ್ಪಂದಕ್ಕೆ ಸಹಿ ಹಾಕುವಾಗಲೇ ತಡೆಹಿಡಿಯುವ ಮೊತ್ತವನ್ನು ತಮ್ಮ ಖಾತೆ ತಡೆಯುತ್ತದಾ ಅಂತ ನೋಡಿಕೊಳ್ಳಬೇಕು.

ಇನ್ನು ಕಾಗದಪತ್ರ. ನಮ್ಮ ಒಪ್ಪಂದದ ಪ್ರಕಾರ ಮೂಲ ಬಿಲ್ಲುಗಳನ್ನು 8 ವರ್ಷ ಇಟ್ಟುಕೊಳ್ಳಬೇಕು. ಸಿಮೆಂಟ್ ಅಂಗಡಿಯ ಕೆಲವು ಬಿಲ್ಲುಗಳು ಹೊಳೆಯುವ ಥರ್ಮಲ್ ಕಾಗದದಲ್ಲಿದ್ದವು, ವರದಿ ಮುಗಿಯುವ ಹೊತ್ತಿಗೇ ಅರ್ಧ ಅಕ್ಷರ ಮಾಸಿದ್ದವು. ಅಂಥ ಬಿಲ್ ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ, ಮೂಲದ ಹಿಂದೆ ಪಿನ್ ಮಾಡಿ ಇಡಿ. ಟ್ರಿಪ್ ಪುಸ್ತಕ ಪೂರ್ತಿ ಸ್ಕ್ಯಾನ್ ಮಾಡಿಸುವುದಕ್ಕೆ ಚಳ್ಳಕೆರೆಯಲ್ಲಿ ಪುಟಕ್ಕೆ ಎರಡು ರೂಪಾಯಿ ತಗೊಂಡರು.